ಸೋಮವಾರದ ಹೊಟ್ಟೆನೋವು

ನಮ್ಮ ಮಗಳಿಗೆ ಹೊಟ್ಟೆನೋವು ಬರುತ್ತಿದ್ದುದು ಬೆಳಿಗ್ಗೆ ಆರೂವರೆಗೆ. ಏಳೂಕಾಲಿಗೆ ಶಾಲೆಯ ಬಸ್ಸು ದೆಹಲಿಯ ನಮ್ಮ ಸರಕಾರಿ ಕ್ವಾರ್ಟರ್ಸಿನ ಗೇಟನ್ನು ದಾಟಿತೆಂದರೆ ಸ್ವಲ್ಪ ಹೊತ್ತಿನಲ್ಲೇ ನೋವು ಇಳಿದು, ಒಂಬತ್ತರ ಹೊತ್ತಿಗೆ ಆಕೆ ಅವಲಕ್ಕಿ ತಿಂದು ಆಟಕ್ಕೆ ಕೂಡುತ್ತಿದ್ದಳು. ಶನಿವಾರ ಅದರ ಸುಳಿವೇ ಇಲ್ಲ. ಭಾನುವಾರ ಸಂಜೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವ ವೇಳೆಗೆ ಮತ್ತೆ ಹಾಜರು. ಮಕ್ಕಳ ವೈದ್ಯರು ರಕ್ತ, ಮೂತ್ರ, ಸ್ಕ್ಯಾನುಗಳನ್ನು ನೋಡಿ ಎಲ್ಲವೂ ಸರಿಯಿದೆ ಎಂದರು. ಹಾಗಾದರೆ ಇದು ನಾಟಕ ಎಂದು ನಾವು ತೀರ್ಮಾನಿಸಿ ಎರಡು ದಿನ ಗದರಿದೆವು. ಆತಂಕವು ಕರುಳನ್ನು ನಿಜವಾಗಿಯೇ ಹಿಂಡುತ್ತದೆ, ಕಾರಣ ಮನಸ್ಸಿನಲ್ಲಿದ್ದರೂ ನೋವು ಹೊಟ್ಟೆಯಲ್ಲೇ ಇರುತ್ತದೆ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಆ ಎರಡು ದಿನಗಳನ್ನು ನೆನೆದರೆ ಈಗಲೂ ಸಂಕೋಚವಾಗುತ್ತದೆ.

ಆಕೆಗೆ ಆಗ ಎಂಟು ವರ್ಷ, ಮೂರನೆಯ ತರಗತಿ. ಆಗಸ್ಟಿನಲ್ಲಿ ಆಕೆಯ ತಾಯಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಗಿತ್ತು. ಮಗು ಶಾಲೆಯಲ್ಲಿದ್ದಾಗಲೇ ನೋವು ಹೆಚ್ಚಾಗಿ ಆಸ್ಪತ್ರೆಗೆ ಓಡಬೇಕಾಯಿತು. ಸಂಜೆ ಬಸ್ಸಿನಿಂದ ಇಳಿದವಳನ್ನು ಕರೆದುಕೊಂಡು ಹೋದವರು ಪಕ್ಕದ ಮನೆಯವರು. ಐದು ದಿನ ಅವರಲ್ಲೇ ಇದ್ದಳು, ಒಂದು ತಕರಾರೂ ಇಲ್ಲದೆ. ಎಷ್ಟು ಜಾಣೆ ಎಂದು ನಾವು ಹೊಗಳಿದೆವು. ದಸರೆಯ ರಜೆ ಮುಗಿದು ಅಕ್ಟೋಬರಿನಲ್ಲಿ ಶಾಲೆ ತೆರೆದಾಗ ಹೊಟ್ಟೆನೋವು ಆರಂಭವಾಯಿತು. ಮೂರು ವಾರಗಳಲ್ಲಿ ಆಕೆ ಶಾಲೆಗೆ ಹೋದದ್ದು ಎರಡೇ ದಿನ.

ಒಂದು ಸರಕಾರಿ ಆಸ್ಪತ್ರೆಯ ಮಕ್ಕಳ ಮನೋವಿಭಾಗದಲ್ಲಿ ನಮಗೆ ದೊರೆತ ಮನಶ್ಶಾಸ್ತ್ರಜ್ಞೆ ಮೊದಲ ದಿನ ಚಿಕಿತ್ಸೆಯ ಮಾತನ್ನೇ ಎತ್ತಲಿಲ್ಲ. ಶಾಲೆಗೆ ಹೋಗದಿರುವುದು ಒಂದು ಲಕ್ಷಣ, ಅದರ ಹಿಂದಿನ ಕಾರಣಗಳು ಹಲವು ಎಂದರು. ಯಾರಾದರೂ ಹೊಡೆಯುತ್ತಾರೆಯೇ, ಓದಲು ಕಷ್ಟವೇ, ಎಲ್ಲರೆದುರು ಉತ್ತರಿಸಲು ಭಯವೇ, ಅಥವಾ ಮನೆಯಲ್ಲಿ ಟಿ.ವಿ. ಹೆಚ್ಚು ಆಕರ್ಷಕವೇ? ಇವುಗಳನ್ನು ಬೇರ್ಪಡಿಸದೆ ಮಗುವನ್ನು ಶಾಲೆಗೆ ತಳ್ಳುವುದು ತಪ್ಪು. ಹೊಡೆತ ತಿನ್ನುತ್ತಿರುವ ಮಗುವಿಗೆ ಬೇಕಾದದ್ದು ಧೈರ್ಯದ ಅಭ್ಯಾಸವಲ್ಲ, ರಕ್ಷಣೆ. ಆಮೇಲೆ ಮಗಳನ್ನೇ ಕೇಳಿದರು: "ಅಮ್ಮ ನಿನ್ನ ತರಗತಿಯ ಹೊರಗೆ ವರಾಂಡದಲ್ಲಿ ದಿನವಿಡೀ ಕುಳಿತರೆ ಹೋಗುತ್ತೀಯಾ?" ತಕ್ಷಣ ಹೂಂ ಎಂದಳು. ಗೆಳತಿಯ ಹುಟ್ಟುಹಬ್ಬಕ್ಕೆ ಅಮ್ಮನಿಲ್ಲದೆ ಹೋಗುತ್ತೀಯಾ ಎಂದದ್ದಕ್ಕೆ ತಲೆಯಾಡಿಸಿ ಇಲ್ಲವೆಂದಳು. ಭಯ ಶಾಲೆಯದಲ್ಲ, ಅಗಲಿಕೆಯದು ಎಂಬುದು ಈ ಎರಡು ಉತ್ತರಗಳಲ್ಲಿ ಸ್ಪಷ್ಟವಾಯಿತು. ಆ ರಾತ್ರಿ ಹಾಸಿಗೆಯಲ್ಲಿ ಆಕೆ ನಮ್ಮ ಧಾರವಾಡದ ಮಾತಿನಲ್ಲಿ ಉಳಿದದ್ದನ್ನೂ ಹೇಳಿದಳು: "ನಾ ಸಾಲಿಗೆ ಹೋದಾಗನ ಅಮ್ಮಗ ಹಂಗ ಆತು. ನಾ ಮನ್ಯಾಗ ಇದ್ರ ಆಗೂದಿಲ್ಲ."

ಅರಿವಿನ ವರ್ತನಾ ಚಿಕಿತ್ಸೆ, ಅಂದರೆ ಸಿ.ಬಿ.ಟಿ., ಈ ಒಂದು ವಾಕ್ಯದ ಮೇಲೆಯೇ ನಡೆಯಿತು. ಅದನ್ನು ವಾದದಿಂದ ಕೆಡವುವ ಪ್ರಯತ್ನವನ್ನು ನಾವು ದಿನವೂ ಮಾಡುತ್ತಿದ್ದೆವು. "ಅಮ್ಮನಿಗೆ ಏನೂ ಆಗುವುದಿಲ್ಲ" ಎಂಬ ಮಾತನ್ನು ಒಂದು ಬೆಳಿಗ್ಗೆ ಎಷ್ಟು ಸಲ ಹೇಳುತ್ತೀರಿ ಎಂದು ಎಣಿಸಿ ತರಲು ಮನಶ್ಶಾಸ್ತ್ರಜ್ಞೆ ಹೇಳಿದರು. ಎಣಿಸಿದಾಗ ಹತ್ತೊಂಬತ್ತಾಯಿತು. ಪ್ರತಿ ಭರವಸೆಯೂ ಐದು ನಿಮಿಷದ ನೆಮ್ಮದಿ ಕೊಟ್ಟು ಮುಂದಿನ ಪ್ರಶ್ನೆಗೆ ದಾರಿ ಮಾಡುತ್ತದೆ ಎಂದರು. ಅಲ್ಲದೆ ಅದು ನಿಜವೂ ಅಲ್ಲ. ಅಮ್ಮನಿಗೆ ಒಮ್ಮೆ ಆಗಿಯೇ ಇತ್ತು, ಮಗು ಅದನ್ನು ಕಂಡಿತ್ತು.

ಅವರು ತೋರಿಸಿದ ಇನ್ನೊಂದು ಸಂಗತಿ ನಮಗೆ ಕಹಿಯಾಗಿತ್ತು. ನೋವು ಬಂದಾಗ ಮನೆಯಲ್ಲಿ ಉಳಿಸಿಕೊಂಡೆವು, ನೋವು ಹೋಯಿತು. ಆ ಸಮಾಧಾನವೇ ಮರುದಿನದ ನೋವಿಗೆ ಬಹುಮಾನವಾಯಿತು. ಮಗುವಿನ ತಾಯಿ ಕೇಂದ್ರ ಸರಕಾರದ ನೌಕರಿಯಲ್ಲಿರುವುದರಿಂದ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಲಭ್ಯವಿದೆ. ನಾವು ಅದಕ್ಕೆ ಅರ್ಜಿ ಹಾಕಿ ಒಂದು ತಿಂಗಳು ಮಂಜೂರು ಮಾಡಿಸಿಕೊಂಡಿದ್ದೆವು. ಒಳ್ಳೆಯ ಸವಲತ್ತೇ, ಆದರೆ ತಾಯಿ ಇಡೀ ದಿನ ಕಣ್ಣೆದುರು ಇರುವುದನ್ನು ಅದು ಕಾಯಂ ಮಾಡಿತ್ತು. ಮಗು ರಾತ್ರಿ ನಮ್ಮ ನಡುವೆ ಮಲಗುತ್ತಿತ್ತು, ಸ್ನಾನದ ಮನೆಯ ಬಾಗಿಲ ಹೊರಗೆ ಕಾಯುತ್ತಿತ್ತು. ಒಂದೊಂದೂ ಪ್ರೀತಿಯಿಂದ ಮಾಡಿದ ರಿಯಾಯಿತಿ; ಒಟ್ಟಾಗಿ ಅವು ಮಗುವಿಗೆ ಹೇಳುತ್ತಿದ್ದುದು, ನಿನ್ನ ಭಯ ಸರಿಯಾದದ್ದೇ ಎಂದು.

ಭರವಸೆಯ ಬದಲು ನಮಗೆ ಎರಡು ಭಾಗದ ಒಂದು ಮಾತನ್ನು ಕಲಿಸಿದರು: "ನಿನಗ ಹೆದರಿಕಿ ಆಗೇದ, ಗೊತ್ತದ. ನೀ ಅದನ್ನ ತಡಕೋತೀ, ಅದೂ ಗೊತ್ತದ." ಅಷ್ಟೇ, ಎರಡನೆಯ ಸಲ ಕೇಳಿದರೆ ಇದನ್ನೇ ಇನ್ನೊಮ್ಮೆ, ಮೂರನೆಯ ಸಲಕ್ಕೆ ಮೌನ. ಮನೆಯಲ್ಲಿ ಉಳಿದ ದಿನ ಶಾಲೆಯ ವೇಳಾಪಟ್ಟಿಯಂತೆಯೇ ಪಾಠ. ಟಿ.ವಿ. ಇಲ್ಲ, ಅಮ್ಮನ ಮಡಿಲೂ ಇಲ್ಲ. ಧಾರವಾಡದಿಂದ ಬಂದಿದ್ದ ಅಜ್ಜಿಗೆ ಇದು ಸಹಿಸಲಿಲ್ಲ. "ಕೂಸಿಗೆ ಯಾಕ ತ್ರಾಸ ಕೊಡ್ತೀರಿ? ಒಂದ ವರ್ಷ ಮನ್ಯಾಗ ಇರಲಿ ಬಿಡ್ರಿ" ಎಂದರು. ಅವರನ್ನು ಒಪ್ಪಿಸಲು ನಮಗೆ ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಮಗು ಯಾವ ಪ್ರಶ್ನೆಗೆ ಯಾರ ಬಳಿ ಹೋಗಬೇಕೆಂಬುದನ್ನು ಕಲಿತುಬಿಟ್ಟಿತ್ತು.

ನಂತರದ್ದು ಮೆಟ್ಟಿಲುಗಳ ಪಟ್ಟಿ. ಸೊನ್ನೆಯಿಂದ ಹತ್ತರವರೆಗಿನ ಹೆದರಿಕೆಯ ಥರ್ಮಾಮೀಟರೊಂದನ್ನು ಮಗಳೇ ಬರೆದು, ಒಂದೊಂದು ಅಗಲಿಕೆಗೂ ಅಂಕ ಕೊಟ್ಟಳು. ಅಮ್ಮ ಮೊಬೈಲು ಬಿಟ್ಟು ಹಾಲಿನ ಬೂತಿಗೆ ಹೋಗಿ ಬರುವುದು ನಾಲ್ಕು. ತನ್ನ ಹಾಸಿಗೆಯಲ್ಲಿ ಒಬ್ಬಳೇ ಮಲಗುವುದು ಆರು. ಶಾಲೆಯ ಕೊನೆಯ ಪೀರಿಯಡ್ಡಿನಲ್ಲಿ ಮಾತ್ರ ಕೂಡುವುದು ಏಳು. ಇಡೀ ದಿನ ಶಾಲೆ ಹತ್ತು. ಪ್ರತಿ ಸಲವೂ ಹೊರಡುವ ಮುನ್ನ ಏನಾಗುತ್ತದೆಂದು ಊಹಿಸಿ ನೋಟುಬುಕ್ಕಿನಲ್ಲಿ ಬರೆಯಬೇಕು, ಬಂದ ಮೇಲೆ ನಿಜವಾಗಿ ಆದದ್ದನ್ನು ಬರೆಯಬೇಕು. ಮೊದಲ ಪುಟದಲ್ಲಿ ಹೀಗಿದೆ: "ಅಮ್ಮ ರಸ್ತ್ಯಾಗ ಬೀಳತಾಳ." ಎದುರಿಗೆ: "ಬೀಳಲಿಲ್ಲ. ಬ್ರೆಡ್ ತಂದಳು."

ಹೆದರಿಕೆ ಪೂರ್ತಿ ಇಳಿಯುವವರೆಗೂ ಕಾಯಬೇಕು ಎಂದು ನಾವು ತಿಳಿದಿದ್ದೆವು. ಅದಲ್ಲ ಮುಖ್ಯ, ಊಹಿಸಿದ್ದು ನಡೆಯಿತೇ ಇಲ್ಲವೇ ಎಂಬುದನ್ನು ಮಗು ತಾನೇ ಕಾಣಬೇಕು ಎಂದರು ಮನಶ್ಶಾಸ್ತ್ರಜ್ಞೆ. ಆದ್ದರಿಂದಲೇ ಐದನೆಯ ದಿನ ಹದಿನೈದು ನಿಮಿಷದ ಬದಲು ಮೂವತ್ತೈದು ನಿಮಿಷ ಬಿಟ್ಟು ಬರಲು ತಾಯಿಗೆ ಹೇಳಿದರು. ಸರಿಯಾಗಿ ಹದಿನೈದು ನಿಮಿಷಕ್ಕೇ ಬರುವ ಅಮ್ಮನನ್ನು ನಂಬಲು ಕಲಿತ ಮಗು ಹದಿನಾರನೆಯ ನಿಮಿಷಕ್ಕೆ ಮತ್ತೆ ಕುಸಿಯುತ್ತದೆ. ಆ ದಿನದ ಪುಟದಲ್ಲಿ ಅಂಕ ಒಂಬತ್ತಕ್ಕೆ ಏರಿದೆ, ಎದುರಿಗೆ "ಲೈನ್ ಭಾಳ ಇತ್ತಂತ" ಎಂದಿದೆ.

ಶಾಲೆಗೆ ಕೊನೆಯ ಪೀರಿಯಡ್ಡಿನಿಂದ ಆರಂಭಿಸಿದ್ದಕ್ಕೆ ಕಾರಣವಿತ್ತು: ಎಲ್ಲ ಮಕ್ಕಳ ಜೊತೆಗೆ, ಗಂಟೆ ಹೊಡೆದ ಮೇಲೆ, ಅದೇ ಬಸ್ಸಿನಲ್ಲಿ ಮನೆಗೆ ಬರುವುದು ಅಭ್ಯಾಸವಾಗಬೇಕು, ನಡುವೆ ಎದ್ದು ಬರುವುದಲ್ಲ. ವಾರಕ್ಕೊಮ್ಮೆ ಒಂದೆರಡು ಪೀರಿಯಡ್ಡು ಹಿಂದಕ್ಕೆ ಸರಿದೆವು. ತರಗತಿಯ ಶಿಕ್ಷಕಿ ಬಾಗಿಲಲ್ಲೇ ಆಕೆಯನ್ನು ಎದುರುಗೊಂಡು ಪುಸ್ತಕ ಹಂಚುವ ಕೆಲಸ ಕೊಡುತ್ತಿದ್ದರು. ಮನೆಗೆ ಫೋನು ದಿನಕ್ಕೆ ಎರಡು ಸಲ, ನಿಗದಿತ ವೇಳೆಗೆ ಮಾತ್ರ. ಹೆದರಿಕೆಯಾದಾಗ ಮಾಡಿದ ಫೋನು ಹೆದರಿಕೆಗೆ ಮದ್ದಾಗಿಬಿಡುತ್ತದೆ, ವೇಳೆಗೆ ಮಾಡಿದ ಫೋನು ಹಾಗಾಗುವುದಿಲ್ಲ. ಎರಡು ವಾರಕ್ಕೆ ಅದು ಒಂದಾಯಿತು, ಆಮೇಲೆ ಅದೂ ಇಲ್ಲವಾಯಿತು.

ಕೆಟ್ಟದ್ದು ನಾಲ್ಕನೆಯ ವಾರದಲ್ಲಿ, ನಮ್ಮಿಂದಲೇ. ಗೇಟಿನಲ್ಲಿ ಬೀಳ್ಕೊಡುಗೆ ಅರ್ಧ ನಿಮಿಷ, ಆಮೇಲೆ ತಿರುಗಿ ನೋಡದೆ ನಡೆಯಬೇಕು ಎಂಬ ನಿಯಮವಿತ್ತು. ತಾಯಿ ನಡೆದಳು, ಆದರೆ ರಸ್ತೆಯಾಚೆ ಬೇವಿನ ಮರದ ಹಿಂದೆ ನಿಂತಳು. ಮೆಟ್ಟಿಲು ಹತ್ತುತ್ತಿದ್ದ ಮಗಳು ಆಕೆಯ ಸೆರಗನ್ನು ಗುರುತಿಸಿ ಓಡಿಬಂದಳು, ತಬ್ಬಿಕೊಂಡಳು, ವಾಂತಿ ಮಾಡಿದಳು. ಮನೆಗೆ ಕರೆತಂದೆವು. ಮರುದಿನ ಅಂಕ ಮತ್ತೆ ಹತ್ತು. ಮನಶ್ಶಾಸ್ತ್ರಜ್ಞೆ ಬೈಯಲಿಲ್ಲ. ಮೆಟ್ಟಿಲು ಕಷ್ಟವಾದರೆ ಅದನ್ನು ಚಿಕ್ಕದು ಮಾಡಿ, ನೆಲಕ್ಕೆ ಇಳಿಸಬೇಡಿ. ಮನೆಯ ಬದಲು ಶಾಲೆಯ ಗ್ರಂಥಾಲಯದಲ್ಲಿ ಹತ್ತು ನಿಮಿಷ ಕುಳ್ಳಿರಿಸಿ ತರಗತಿಗೆ ಕಳಿಸಬಹುದಿತ್ತು ಎಂದರು. ಆಮೇಲೆ ತಾಯಿಯತ್ತ ತಿರುಗಿ ಕೇಳಿದರು: "ನೀವು ಏನನ್ನು ಊಹಿಸಿದ್ದಿರಿ?" ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಆಸ್ಪತ್ರೆಯ ಆ ರಾತ್ರಿ, ತಾನು ಸತ್ತರೆ ಮಗು ಏನು ಮಾಡೀತು ಎಂದು ಯೋಚಿಸಿದ್ದು ಇನ್ನೂ ಬಿಟ್ಟಿಲ್ಲ ಎಂದು. ತಾಯಿಗೂ ಒಂದು ನೋಟುಬುಕ್ಕು ಬಂತು. ಮುಂದಿನ ಹದಿನೈದು ದಿನ ಗೇಟಿಗೆ ಹೋದದ್ದು ತಂದೆ.

"ಅಮ್ಮ ಸತ್ತರೆ?" ಎಂಬ ಪ್ರಶ್ನೆಯನ್ನು ಮಗಳೂ ಕೇಳಿದಳು. ಹಾಗಾಗುವುದಿಲ್ಲ ಎನ್ನುವ ಬದಲು ಮನಶ್ಶಾಸ್ತ್ರಜ್ಞೆ ಎರಡು ಪ್ರಶ್ನೆಗಳನ್ನು ಮುಂದಿಟ್ಟರು. ಅಮ್ಮನಿಗೆ ಆಗಸ್ಟಿನಲ್ಲಿ ಗುಣ ಮಾಡಿದವರು ಯಾರು, ನೀನು ಮನೆಯಲ್ಲಿದ್ದರೆ ಕಲ್ಲು ಕರಗುತ್ತಿತ್ತೇ? ಮತ್ತೆ ಹಾಗಾದರೆ ಯಾರು ಯಾರಿಗೆ ಫೋನು ಮಾಡುತ್ತಾರೆ? ಎರಡನೆಯದಕ್ಕೆ ಉತ್ತರವಾಗಿ ಮಗಳು ಅಪ್ಪ, ಪಕ್ಕದ ಮನೆಯ ಆಂಟಿ, ಅಜ್ಜಿ, ಆಂಬುಲೆನ್ಸ್ ಎಂದು ಪಟ್ಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದಳು. ಆ ಪಟ್ಟಿಯಲ್ಲಿ ತನ್ನ ಹೆಸರು ಇಲ್ಲವೆಂಬುದನ್ನು ಆಕೆಯೇ ಗಮನಿಸಿದಳು.

ಈ ಚಿಕಿತ್ಸೆ ಎಲ್ಲರಿಗೂ ಫಲಿಸುವುದಿಲ್ಲ. ಅಮೆರಿಕದಲ್ಲಿ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಗಲಿಕೆಯ ಆತಂಕವೂ ಸೇರಿದಂತೆ ಮಕ್ಕಳ ಆತಂಕಗಳಿಗೆ ಹನ್ನೆರಡು ವಾರ ಸಿ.ಬಿ.ಟಿ. ಮಾತ್ರ ಪಡೆದವರಲ್ಲಿ ಸುಮಾರು ಶೇ. 60ರಷ್ಟು ಮಂದಿಗೆ ಚೆನ್ನಾಗಿ ಗುಣ ಕಂಡಿತು. ಸರ್ಟ್ರಲೀನ್ ಎಂಬ ಔಷಧವನ್ನೂ ಸೇರಿಸಿದಾಗ ಅದು ಶೇ. 81ರಷ್ಟಾಯಿತು, ಔಷಧವಿಲ್ಲದ ಹುಸಿ ಮಾತ್ರೆಯಿಂದ ಶೇ. 24. ಹಾಗಾಗಿ ಔಷಧದ ಮಾತು ನಮ್ಮಲ್ಲೂ ಬಂದಿತ್ತು. ಎಂಟನೆಯ ವಾರದವರೆಗೆ ನೋಡೋಣ ಎಂದು ನಿರ್ಧರಿಸಿದೆವು. ಡಿಸೆಂಬರಿನ ಕೊನೆಯಲ್ಲಿ, ಏಳನೆಯ ವಾರ, ಆಕೆ ಇಡೀ ದಿನ ಶಾಲೆಯಲ್ಲಿದ್ದಳು. ಆ ಬೆಳಿಗ್ಗೆ ಆಕೆಯ ಪುಟದಲ್ಲಿ ನಾಲ್ಕು, ತಾಯಿಯ ಪುಟದಲ್ಲಿ ಆರು.

ಜನವರಿಯ ಚಳಿಗಾಲದ ರಜೆ ಮುಗಿದ ಸೋಮವಾರ ಹೊಟ್ಟೆನೋವು ಮತ್ತೆ ಬಂತು. ಹೀಗಾಗುತ್ತದೆಂದು ಮುಂಚೆಯೇ ಹೇಳಿದ್ದರು. ದೀರ್ಘ ರಜೆ, ಜ್ವರ, ವರ್ಗಾವಣೆ, ಇವೆಲ್ಲದರ ನಂತರ ಭಯ ಮೊದಲ ಮೆಟ್ಟಿಲಿಗೆ ಮರಳಿ ನೋಡುತ್ತದೆ. ಆ ದಿನ ಬಿಸಿನೀರು ಕೊಟ್ಟು ಬಸ್ಸಿಗೆ ಹತ್ತಿಸಿದೆವು. ಈಗ ಬೇಸಿಗೆ, ಮಗಳು ಧಾರವಾಡದಲ್ಲಿ ಅಜ್ಜಿಯ ಜೊತೆಗಿದ್ದಾಳೆ, ನಾವು ಇಲ್ಲಿ. ಜುಲೈ ಒಂದಕ್ಕೆ ಶಾಲೆ ತೆರೆಯುತ್ತದೆ. ಇಪ್ಪತ್ತೆಂಟಕ್ಕೆ ಆಕೆಯನ್ನು ಕರೆತಂದು, ಮೂರು ಸಂಜೆ ಬರಿಯ ಗೇಟಿನವರೆಗೆ ನಡೆದು ಬರುವುದೆಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ.