ನಾಲ್ಕು ಬೆಳ್ಳಿ ಗುಂಡಿಗಳು

ನಮ್ಮ ತಂದೆಯವರ ಜುಬ್ಬಾಕ್ಕೆ ಹೊಲಿದ ಗುಂಡಿಗಳಿರಲಿಲ್ಲ. ಎದೆಪಟ್ಟಿಯ ಎರಡೂ ಬದಿಗೆ ಕಾಜುಗಳಿದ್ದವು. ಸರಪಳಿಯಿಂದ ಪೋಣಿಸಿದ ನಾಲ್ಕು ಬೆಳ್ಳಿ ಗುಂಡಿಗಳನ್ನು ಅವುಗಳಲ್ಲಿ ತೊಡಿಸುತ್ತಿದ್ದರು. ಒಗೆಯಲು ಹಾಕುವಾಗ ಬಿಚ್ಚಿ ತೆಗೆದಿಡುವುದು ನಮ್ಮ ತಾಯಿಯವರ ಕೆಲಸ. ಅವರಿಬ್ಬರೂ ತೀರಿಕೊಂಡ ಮೇಲೆ ಆ ಗುಂಡಿಗಳು ನಮ್ಮ ಪೆಟ್ಟಿಗೆಯಲ್ಲಿ ಉಳಿದವು.

ಗಡಹಿಂಗ್ಲಜದಲ್ಲಿ ಮಗನ ಮದುವೆ ನಿಶ್ಚಯವಾದಾಗ ಆತ ಇಚಲಕರಂಜಿಯಲ್ಲಿ ಮಡಿಸುವ ತೋಳುಪಟ್ಟಿಯ ಅಂಗಿಯನ್ನು ಹೊಲಿಸಿಕೊಂಡನು. ಅಂತಹ ಅಂಗಿಗೆ ಕಫ್‌ಲಿಂಕುಗಳು ಬೇಕು. ಪೇಟೆಯ ಸಿದ್ಧ ಜೋಡಿಯಲ್ಲಿ ನಮಗೆ ನಂಬಿಕೆಯಿರಲಿಲ್ಲ. ನಮ್ಮ ನಿವೃತ್ತಿಯ ಸಮಾರಂಭದಲ್ಲಿ ತೊಟ್ಟಿದ್ದ ಒಂದು ಜೋಡಿಯ ಹಿಂಬದಿಯ ತಿರುಗುಕಡ್ಡಿ ಸಡಿಲಗೊಂಡು, ಹಾರ ಸ್ವೀಕರಿಸುವಷ್ಟರಲ್ಲಿ ಒಂದು ಕಳೆದುಹೋಗಿತ್ತು. ಆ ಕಡ್ಡಿ ಅಡ್ಡಕ್ಕೂ ನೇರಕ್ಕೂ ಬಿಗಿಯಾಗಿ ನಿಲ್ಲಬೇಕು. ಕೈ ಅಲುಗಿಸಿದರೆ ತಾನೇ ತಿರುಗುವುದಾದರೆ ಅದರ ಸ್ಪ್ರಿಂಗ್ ಸೋತಿದೆಯೆಂದೇ ತಿಳಿಯಬೇಕು.

ತಂದೆಯವರ ಗುಂಡಿಗಳನ್ನು ಹುಪರಿಯ ಪತ್ತಾರರೊಬ್ಬರ ಬಳಿಗೆ ಒಯ್ದೆವು. ಅಣ್ಣನವರಿಗೆ ಇದು ಒಪ್ಪಿಗೆಯಾಗಲಿಲ್ಲ. "ಅಪ್ಪನ ಸರಪಳಿಯನ್ನು ಕಡಿಸುತ್ತೀಯೇನೋ?" ಎಂದರು. ಪತ್ತಾರರು ಗುಂಡಿಗಳನ್ನು ಅಂಗೈಯಲ್ಲಿ ಹರಡಿ, "ಗುರೂಜಿ, ಕರಗಿಸುವುದು ಬೇಡ. ಎರಡು ಗುಂಡಿ, ನಡುವೆ ತುಂಡು ಸರಪಳಿ. ಅದೇ ಒಂದು ಕೈಗೆ ಆಯಿತು. ಸ್ಪ್ರಿಂಗೇ ಇಲ್ಲ, ಸೋಲುವುದು ಎಲ್ಲಿ?" ಎಂದರು.

ಗುಂಡಿಯ ಹಿಂದಿನ ಬಿಲ್ಲೆಯನ್ನು ಬಿಡಿಸಿ, ಅಲ್ಲಿ ಸಣ್ಣ ಕೊಂಡಿಯನ್ನು ಬೆಸೆದರು. ಮೊದಲ ಸಲ ಸರಪಳಿ ಗಿಡ್ಡವಾಯಿತು. ಪಟ್ಟಿಯನ್ನು ಮಡಿಸಿದಾಗ ನಾಲ್ಕು ಕಾಜುಗಳು ಒಂದರ ಮೇಲೊಂದು ಬರುತ್ತವೆ. ಅಷ್ಟು ದಪ್ಪವನ್ನು ದಾಟಲಾರದೆ ಬಟ್ಟೆ ಮುದುಡಿತು. ಉದ್ದವಾದರೆ ಗುಂಡಿ ಜೋತು ಬೀಳುವುದು. ಆದ್ದರಿಂದ ಅಂಗಿಯನ್ನೇ ತರಿಸಿಕೊಂಡು, ಅದರ ಮೇಲೆ ಅಳೆದು, ಎರಡು ಕೊಂಡಿಗಳನ್ನು ಕೂಡಿಸಿದರು. ಗುಂಡಿ ಕಾಜಿನಲ್ಲಿ ತೂರುವುದೇ ಎಂಬುದನ್ನೂ ಆಗಲೇ ನೋಡಿದರು. ಉಳಿದ ಸರಪಳಿಯನ್ನು ಕಾಗದದಲ್ಲಿ ಸುತ್ತಿ ನಮಗೆ ಮರಳಿಸಿದರು. ಅದನ್ನು ಅಣ್ಣನವರಿಗೆ ಕೊಟ್ಟೆವು. ಅವರು ಮಾತಾಡದೆ ಜೇಬಿನಲ್ಲಿಟ್ಟುಕೊಂಡರು.

ಮದುವೆಯ ದಿನ ಮಗನಿಗೆ ಟೈ ಕಡ್ಡಿಯನ್ನೂ ಬೆಳ್ಳಿಯದನ್ನೇ ಆರಿಸಿದೆವು. ಅದು ಟೈಯ ಅಗಲಕ್ಕಿಂತ ಗಿಡ್ಡವಾಗಿದ್ದು, ಟೈಯೊಡನೆ ಅಂಗಿಯ ಗುಂಡಿಪಟ್ಟಿಯನ್ನೂ ಹಿಡಿಯಬೇಕು. ಟೈಯನ್ನಷ್ಟೇ ಹಿಡಿದರೆ ಗಾಳಿಗೆ ಎರಡೂ ಹಾರಾಡುವವು. ಕೋಟಿನ ಎಡಮಡಿಕೆಗೆ ಬೇರೆ ಪಿನ್ನು ಬೇಡವೆಂದೆವು. ಮೂರು ಕಡೆ ಹೊಳೆದರೆ ಕಣ್ಣು ಎಲ್ಲಿಯೂ ನಿಲ್ಲದು.

ಸರಪಳಿಯ ಕಫ್‌ಲಿಂಕಿಗೆ ಒಂದು ಕೊರತೆಯುಂಟು: ತನ್ನ ಕೈಗೆ ತಾನೇ ತೊಡಿಸಿಕೊಳ್ಳುವುದು ಕಷ್ಟ. ಮಗ ತಡಕಾಡುತ್ತಿದ್ದಾಗ ಅಣ್ಣನವರು ಎದ್ದು ಬಂದರು. ಪಟ್ಟಿಯ ಎರಡು ಅಂಚುಗಳನ್ನು, ನಮಸ್ಕಾರದ ಅಂಗೈಗಳಂತೆ, ಒಳಮೈಗೆ ಒಳಮೈ ತಾಗಿಸಿ ಹಿಡಿದು, ನಾಲ್ಕು ಕಾಜುಗಳಲ್ಲಿಯೂ ಗುಂಡಿಯನ್ನು ತೂರಿಸಿದರು. ಹೆಬ್ಬೆರಳು ಸವೆಸಿದ್ದ ಅದರ ಮುಖವನ್ನು ಒಮ್ಮೆ ಸವರಿ, "ಇನ್ನೊಂದು ಕೈ ಕೊಡಪ್ಪಾ" ಎಂದರು.