ಅಪ್ಪನ ಪುಸ್ತಕದ ಬಿಳಿ ಅಂಚು

ಅಪ್ಪ ಓದೋದನ್ನ ನಿಲ್ಲಿಸಿದ್ದಾರೆ ಅಂತ ನನಗೆ ಗೊತ್ತಾಗಿದ್ದು ಅಮ್ಮನಿಂದ. "ಆ ಪುಸ್ತಕ ಕಳಿಸಿದ್ಯಲ್ಲ, ನಾಲ್ಕು ದಿನ ಕೈಯಲ್ಲಿ ಹಿಡ್ಕೊಂಡಿದ್ರು, ಈಗ ಮುಟ್ಟಂಗೇ ಇಲ್ಲ" ಅಂದರು ಫೋನಲ್ಲಿ. ಅಪ್ಪನನ್ನು ಕೇಳಿದರೆ ಒಂದೇ ಮಾತು: "ಬಿಡವ್ವ, ವಯಸ್ಸಾತು, ಕಣ್ಣು ಹೋತು."

ಮೊಳಕಾಲ್ಮೂರಿನಲ್ಲಿ ಮೂವತ್ತು ವರ್ಷ ಸಮಾಜ ಪಾಠ ಮಾಡಿದ ಮೇಷ್ಟ್ರು ಅವರು. ನಿವೃತ್ತಿಯಾದ ಮೇಲೂ ಹೈಸ್ಕೂಲ್ ಮಕ್ಕಳನ್ನ ಬ್ರಹ್ಮಗಿರಿಗೆ ಕರ್ಕೊಂಡು ಹೋಗಿ ಅಶೋಕನ ಶಾಸನ ತೋರಿಸೋದು ಬಿಟ್ಟಿಲ್ಲ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ನಮ್ಮ ತಾಲ್ಲೂಕಿನಲ್ಲೇ ಇವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಹಚ್ಚಿದ ಶಾಸನಗಳು. ಇವುಗಳ ಬಗ್ಗೆ ಅಪ್ಪನ ಗುರುಗಳೊಬ್ಬರು ಹಿಂದೆ ಒಂದು ಸಣ್ಣ ಪುಸ್ತಕ ಬರೆದಿದ್ದರು. ಅದು ಎಲ್ಲೂ ಸಿಗೋದಿಲ್ಲ. ಚಳ್ಳಕೆರೆಯಲ್ಲಿ ಅಪ್ಪನ ಹಳೇ ಸಹೋದ್ಯೋಗಿಯೊಬ್ಬರ ಮನೇಲಿ ಒಂದು ಪ್ರತಿ ಇತ್ತು. "ಬೈಂಡಿಂಗ್ ಬಿಚ್ಚಬಾರದು, ಇವತ್ತೇ ವಾಪಸ್ ಕೊಡಬೇಕು" ಅನ್ನೋ ಷರತ್ತಿನ ಮೇಲೆ ಕೊಟ್ಟರು. ನಾನು ಬೆಂಗಳೂರಿಗೆ ವಾಪಸ್ ಹೋಗೋ ದಿನ ಚಳ್ಳಕೆರೆ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಪಿಡಿಎಫ್ ಅನ್ನು ಅಪ್ಪನ ವಾಟ್ಸಾಪಿಗೆ ಕಳಿಸಿ ಬಸ್ ಹತ್ತಿದ್ದೆ. ಕೆಲಸ ಮುಗೀತು ಅಂದುಕೊಂಡೆ.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಫೋನ್ ಇಸ್ಕೊಂಡು ನೋಡಿದೆ. ಅವರ ಕಣ್ಣು ಹೋಗಿರಲಿಲ್ಲ. ನಾನೂ ಓದೋಕಾಗಲಿಲ್ಲ.

ಯಾಕೆ ಅಂತ ಸ್ಕೇಲ್ ಹಿಡ್ಕೊಂಡು ಲೆಕ್ಕ ಹಾಕಿದೆ. ಪುಸ್ತಕ ಚಿಕ್ಕದು, ಅಗಲ 14 ಸೆಂಟಿಮೀಟರ್. ಅದರಲ್ಲಿ ಅಕ್ಷರ ಇರೋ ಭಾಗ ಸುಮಾರು 10 ಸೆಂಟಿಮೀಟರ್ ಅಷ್ಟೇ. ಆದರೆ ಅಂಗಡಿಯ ಯಂತ್ರ ಅದನ್ನ ಎ4 ಹಾಳೆಯ ಅಳತೆಯಲ್ಲಿ ಸ್ಕ್ಯಾನ್ ಮಾಡಿತ್ತು, ಅಂದರೆ 21 ಸೆಂಟಿಮೀಟರ್ ಅಗಲ. ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ. ಅಪ್ಪನ ಫೋನ್ ಆರೂವರೆ ಇಂಚಿನದು, ಆದರೆ ಆ ಅಳತೆ ಮೂಲೆಯಿಂದ ಮೂಲೆಗೆ. ನಿಲ್ಲಿಸಿ ಹಿಡಿದಾಗ ಪರದೆಯ ಅಗಲ ಬರೀ 6.8 ಸೆಂಟಿಮೀಟರ್. 21ನ್ನು 6.8ಕ್ಕೆ ತುರುಕಿದರೆ ಎಲ್ಲವೂ ಮೂರನೇ ಒಂದರಷ್ಟಾಗುತ್ತೆ. ಪುಸ್ತಕದಲ್ಲಿ 3 ಮಿಲಿಮೀಟರ್ ಇದ್ದ ಅಕ್ಷರ ಫೋನಲ್ಲಿ ಒಂದು ಮಿಲಿಮೀಟರೂ ಇರಲ್ಲ. ಕನ್ನಡದಲ್ಲಿ ಮೊದಲು ಸಾಯೋದು ಒತ್ತಕ್ಷರ. ಅಕ್ಷರದ ಕೆಳಗೆ ಒಂದು ಚುಕ್ಕೆ ಇದೆ ಅಂತ ಕಾಣುತ್ತೆ, ಅದು ತ ಒತ್ತೋ ನ ಒತ್ತೋ ದೇವರಿಗೇ ಗೊತ್ತು.

ಎರಡು ಬೆರಳಲ್ಲಿ ಹಿಗ್ಗಿಸಬಹುದಲ್ಲ ಅಂತೀರಾ? ಅಪ್ಪ ಮಾಡಿದ್ದೂ ಅದನ್ನೇ. ಮೂರು ಪಟ್ಟು ಹಿಗ್ಗಿಸಿದರೆ ಅಕ್ಷರ ಪುಸ್ತಕದ ಅಳತೆಗೆ ಬರುತ್ತೆ, ಆದರೆ 10 ಸೆಂಟಿಮೀಟರಿನ ಸಾಲು 6.8ರಲ್ಲಿ ಹಿಡಿಸಲ್ಲ. ಸಾಲಿನ ಕೊನೆ ಓದೋಕೆ ಒಂದು ಸಲ ಸರಿಸಬೇಕು, ಮುಂದಿನ ಸಾಲಿಗೆ ವಾಪಸ್ ಸರಿಸಬೇಕು. ಪುಟಕ್ಕೆ 28 ಸಾಲು, ಅಂದರೆ 56 ಸಲ ಬೆರಳಾಡಿಸಬೇಕು. ನಡುವೆ ಸಾಲು ತಪ್ಪಿದರೆ ಮತ್ತೆ ಮೊದಲಿಂದ. ನಾಲ್ಕು ದಿನ ತಡ್ಕೊಂಡಿದ್ದೇ ದೊಡ್ಡದು.

ಅಂಚು ಕತ್ತರಿಸಿದರಾಯ್ತು ಅಂತ ಲ್ಯಾಪ್‌ಟಾಪ್ ತೆಗೆದೆ. ಇದಕ್ಕೆ ನಾನು ಬಳಸೋದು ಪೈಥಾನಿನ ಒಂದು ಪುಟ್ಟ ಸಲಕರಣೆ, ಹೆಸರು `pdfCropMargins`:

```
pip install pdfCropMargins
pdf-crop-margins -u -e pustaka.pdf -o chikka.pdf
```

ಇದರಲ್ಲಿ ಆ `-u` ಮುಖ್ಯ. ಅದಿಲ್ಲದಿದ್ದರೆ ಪ್ರತಿ ಪುಟವನ್ನೂ ಅದರದರ ಅಕ್ಷರದ ಅಂಚಿಗೇ ಕತ್ತರಿಸುತ್ತೆ. ಕೇಳೋಕೆ ಚೆನ್ನಾಗಿದೆ, ಆದರೆ ಬರೀ ಅಧ್ಯಾಯದ ಹೆಸರಿರೋ ಪುಟ ಫೋನಲ್ಲಿ ಸಿನಿಮಾ ಪೋಸ್ಟರಿನಷ್ಟು ದಪ್ಪಗಾಗುತ್ತೆ, ಮುಂದಿನದು ಮತ್ತೆ ಸಣ್ಣಗೆ. `-u` ಹಾಕಿದರೆ ಎಲ್ಲ ಪುಟಕ್ಕೂ ಒಂದೇ ಅಳತೆ. `-e` ಹಾಕಿದರೆ ಎಡ ಪುಟ, ಬಲ ಪುಟಗಳ ಪಕ್ಕದ ಅಂಚನ್ನ ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತೆ. ಹೊಲಿಗೆ ಇರೋ ಕಡೆ ಅಂಚು ಒಂದೊಂದು ಪುಟದಲ್ಲಿ ಒಂದೊಂದು ಪಕ್ಕಕ್ಕಿರುತ್ತಲ್ಲ, ಅದಕ್ಕೆ.

ಕಂಪ್ಯೂಟರಲ್ಲೇ ತಯಾರಾದ ಶುದ್ಧ ಪಿಡಿಎಫ್‌ಗೆ ಇಷ್ಟು ಸಾಕು. ಅಪ್ಪನ ಪುಸ್ತಕಕ್ಕೆ ಸಾಕಾಗಲಿಲ್ಲ. ಹೊಸ ಫೈಲ್ ತೆಗೆದು ನೋಡಿದರೆ ಹಳೇದರ ಹಾಗೇ ಇದೆ, ಒಂದು ಕೂದಲೆಳೆಯೂ ಕಮ್ಮಿಯಾಗಿಲ್ಲ. ಕಾರಣ ಆಮೇಲೆ ಹೊಳೀತು. ಬೈಂಡಿಂಗ್ ಉಳಿಸಬೇಕು ಅಂತ ಅಂಗಡಿಯ ಹುಡುಗ ಯಂತ್ರದ ಮುಚ್ಚಳ ತೆರೆದಿಟ್ಟೇ ಸ್ಕ್ಯಾನ್ ಮಾಡಿದ್ದ. ಪುಸ್ತಕದ ಆಚೆಗಿನ ಗಾಜು ಎಲ್ಲ ಪುಟದಲ್ಲೂ ಕಪ್ಪು ಪಟ್ಟಿಯಾಗಿ ಬಂದಿತ್ತು. ಯಂತ್ರಕ್ಕೆ ಅಕ್ಷರ ಬೇರೆ, ಕೊಳೆ ಬೇರೆ ಅಂತಿಲ್ಲ. ಕಪ್ಪಗಿರೋದೆಲ್ಲ ಅದಕ್ಕೆ ಬರಹವೇ. ಹಾಗಾಗಿ ಕತ್ತರಿಸೋಕೆ ಬಿಳಿ ಅಂಚೇ ಸಿಕ್ಕಿರಲಿಲ್ಲ.

ಇಂಥ ಕಡೆ ಕೈಯಾರೆ ಚೌಕ ಹಾಕೋದೇ ವಾಸಿ. ಅದಕ್ಕೆ `Briss` ಅಂತ ಒಂದು ಹಳೇ ಉಚಿತ ತಂತ್ರಾಂಶ ಇದೆ, ಲ್ಯಾಪ್‌ಟಾಪಿನಲ್ಲಿ ಜಾವಾ ಇದ್ದರೆ ನಡೆಯುತ್ತೆ. ಅದರ ಉಪಾಯ ನನಗೆ ಬಹಳ ಇಷ್ಟ. ಎಡ ಪುಟಗಳನ್ನೆಲ್ಲ ಪಾರದರ್ಶಕ ಹಾಳೆಗಳ ಹಾಗೆ ಒಂದರ ಮೇಲೊಂದು ಪೇರಿಸಿ ಒಂದು ಚಿತ್ರ, ಬಲ ಪುಟಗಳನ್ನೆಲ್ಲ ಪೇರಿಸಿ ಇನ್ನೊಂದು ಚಿತ್ರ ತೋರಿಸುತ್ತೆ. ಎಲ್ಲ ಪುಟದಲ್ಲೂ ಅಕ್ಷರ ಇರೋ ಜಾಗ ದಟ್ಟ ಬೂದು ಬಣ್ಣ, ಇಲ್ಲದ ಜಾಗ ಬಿಳಿ. ಆ ಬೂದು ಭಾಗದ ಸುತ್ತ ಚೌಕ ಎಳೆದರೆ ಆಯ್ತು, ಇಡೀ ಪುಸ್ತಕಕ್ಕೆ ಎರಡೇ ಚೌಕ. ಮುಖಪುಟದಂಥ ಬೇರೆ ರೀತಿಯ ಪುಟಗಳನ್ನು ಮೊದಲೇ ಲೆಕ್ಕದಿಂದ ಬಿಡಬಹುದು.

ಚೌಕವನ್ನ ಅಕ್ಷರಕ್ಕೆ ತಾಗಿಸಿ ಎಳೀಬಾರದು. ಸ್ಕ್ಯಾನ್ ಮಾಡುವಾಗ ಪುಸ್ತಕ ಒಂದೊಂದು ಪುಟಕ್ಕೆ ಒಂದಿಷ್ಟು ಸೊಟ್ಟ ಆಗಿರುತ್ತೆ. ಅದಕ್ಕಿಂತ ಮುಖ್ಯ, ಕೊನೇ ಸಾಲಿನ ಒತ್ತಕ್ಷರ ಸಾಲಿಗಿಂತ ಕೆಳಗೆ ಇಳಿದಿರುತ್ತೆ. ಅದು ಹೋದರೆ 'ಕತ್ತೆ' 'ಕತೆ' ಆಗುತ್ತೆ, 'ಹಳ್ಳಿ' 'ಹಳಿ' ಆಗುತ್ತೆ. ತಪ್ಪು ಅಂತ ಗೊತ್ತೂ ಆಗಲ್ಲ, ಎರಡೂ ಸರಿಯಾದ ಪದಗಳೇ. ಸುತ್ತ ಅರ್ಧ ಸೆಂಟಿಮೀಟರ್ ಬಿಟ್ಟೆ. ಅಲ್ಲಿಗೆ ಚೌಕದ ಅಗಲ 11 ಸೆಂಟಿಮೀಟರ್.

ಈಗ ಮತ್ತೆ ಲೆಕ್ಕ. 11ನ್ನು 6.8ಕ್ಕೆ ಇಳಿಸಿದರೆ 3 ಮಿಲಿಮೀಟರಿನ ಅಕ್ಷರ ಎರಡು ಮಿಲಿಮೀಟರಿನ ಹತ್ತಿರ ನಿಲ್ಲುತ್ತೆ, ಮುಂಚಿನ ದುಪ್ಪಟ್ಟು. ನನಗೆ ಸಾಕು, ಅರವತ್ತು ದಾಟಿದ ಕಣ್ಣಿಗೆ ಸಾಲದು. ಫೋನ್ ಅಡ್ಡ ಹಿಡಿದರೆ ಅಗಲ 15 ಸೆಂಟಿಮೀಟರ್ ಆಗುತ್ತೆ, ಅಕ್ಷರ 4 ಮಿಲಿಮೀಟರ್. ಅಂದರೆ ಅಸಲಿ ಪುಸ್ತಕಕ್ಕಿಂತ ದಪ್ಪ! ಒಂದು ಸಲಕ್ಕೆ ಏಳೆಂಟು ಸಾಲು ಮಾತ್ರ ಕಾಣುತ್ತೆ, ಆದರೆ ಮೇಲಿಂದ ಕೆಳಕ್ಕೆ ಸರಿಸಿದರೆ ಸಾಕು, ಪಕ್ಕಕ್ಕೆ ಒಂದು ಸಲವೂ ಇಲ್ಲ. ಅಂಚು ಕತ್ತರಿಸದೆ ಬರೀ ಅಡ್ಡ ಹಿಡಿದಿದ್ದರೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಸಿಗುತ್ತಿತ್ತು. ಎರಡೂ ಸೇರಬೇಕು.

ಆಫೀಸಿನ ಗೆಳೆಯನೊಬ್ಬ ಕೇಳಿದ, ಸಾಲುಗಳನ್ನ ಫೋನಿನ ಅಗಲಕ್ಕೆ ಹೊಸದಾಗಿ ಜೋಡಿಸೋ ಆಪ್‌ಗಳಿವೆಯಲ್ಲ ಅಂತ. ಇವೆ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಪಿಡಿಎಫ್ ಒಳಗೆ ನಿಜವಾದ ಪಠ್ಯ ಬೇಕು. ಸ್ಕ್ಯಾನ್ ಅಂದರೆ ಬರೀ ಫೋಟೋ. ಹಳೇ ನುಡಿ, ಬರಹ ಫಾಂಟಲ್ಲಿ ಮಾಡಿದ ಕನ್ನಡ ಪಿಡಿಎಫ್‌ಗಳಲ್ಲಿ ಪಠ್ಯ ಇದ್ದರೂ ಒಳಗಡೆ ಇರೋದು ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರ, ಹೊಸದಾಗಿ ಜೋಡಿಸಿದರೆ ಅದೇ ಹೊರಗೆ ಬರುತ್ತೆ. ಅಂಚು ಕತ್ತರಿಸೋದು ಅಕ್ಷರವನ್ನ ಮುಟ್ಟೋದೇ ಇಲ್ಲ. ಲ್ಯಾಪ್‌ಟಾಪ್ ಇಲ್ಲದವರು ಫೋನಲ್ಲೇ `KOReader` ಥರದ ಓದುವ ಆಪ್ ಹಾಕ್ಕೊಂಡು ಅದರಲ್ಲೇ ಅಂಚು ತೆಗೀಬಹುದು. ಅಪ್ಪನಿಗೆ ಹೊಸ ಆಪ್ ಕಲಿಸೋದಕ್ಕಿಂತ ಹೊಸ ಫೈಲ್ ಕಳಿಸೋದು ಸುಲಭ ಅನ್ನಿಸ್ತು.

ಕಳಿಸಿ ಬೆಂಗಳೂರಿಗೆ ಬಂದೆ. ಮೂರನೇ ದಿನ ಫೋನ್. "ಓದ್ತಿದೀನವ್ವ, ಚೆನ್ನಾಗೈತೆ. ಆದ್ರೆ ಚಪಡನ ಟಿಪ್ಪಣಿ ಎಲ್ಲಿ?"

ಚಪಡ ಅಂದರೆ ಬ್ರಹ್ಮಗಿರಿ ಶಾಸನ ಬರೆದ ಲಿಪಿಕಾರ. ಇಡೀ ಶಾಸನ ಬ್ರಾಹ್ಮಿಯಲ್ಲಿದೆ, ಕೊನೆಯಲ್ಲಿ 'ಲಿಪಿಕಾರನಿಂದ' ಅನ್ನೋ ಮಾತನ್ನ ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೂರದ ವಾಯವ್ಯ ಭಾರತದ ಕಡೆಯ ಲಿಪಿ, ನಮ್ಮೂರ ಬಂಡೆ ಮೇಲೆ! ಅಪ್ಪ ಮಕ್ಕಳಿಗೆ ಪ್ರತಿ ವರ್ಷ ಹೇಳೋ ಕತೆ ಇದು. ಗುರುಗಳು ಅದರ ಬಗ್ಗೆ ಪುಟದ ಕೆಳಗೆ ಏನೋ ಬರೆದಿದ್ದರು ಅಂತ ಅವರಿಗೆ ನೆನಪು. ಸಾಲಲ್ಲಿ ಟಿಪ್ಪಣಿಯ ಅಂಕಿ ಇದೆ, ಕೆಳಗೆ ಟಿಪ್ಪಣಿ ಇಲ್ಲ.

ತಪ್ಪು ನಂದೇ. ಪೇರಿಸಿದ ಚಿತ್ರದ ಕೆಳಗಡೆ ತೆಳ್ಳಗೆ ಒಂದು ನೆರಳು ಇತ್ತು. ಗಾಜಿನ ಕೊಳೆ ಅಂದುಕೊಂಡು ಚೌಕವನ್ನ ಅದರ ಮೇಲಕ್ಕೇ ನಿಲ್ಲಿಸಿದ್ದೆ. ಅದು ಅಡಿಟಿಪ್ಪಣಿಗಳು. ನೂರಕ್ಕೂ ಹೆಚ್ಚು ಪುಟಗಳಲ್ಲಿ ಆರೇಳು ಪುಟಕ್ಕೆ ಮಾತ್ರ ಟಿಪ್ಪಣಿ ಇದ್ದಿದ್ದರಿಂದ ಅಷ್ಟು ತೆಳ್ಳಗೆ ಕಂಡಿತ್ತು. ಫೋನಲ್ಲಿ ನಮಗೆ ಬೇಕಾಗಿರೋದು ಅಗಲ, ಕೆಳಗೆ ಒಂದಿಷ್ಟು ಬಿಳಿ ಉಳಿದರೆ ಅಕ್ಷರ ಚಿಕ್ಕದಾಗಲ್ಲ. ಕೆಳಗಡೆ ಜಿಪುಣತನ ಮಾಡೋ ಅಗತ್ಯವೇ ಇರಲಿಲ್ಲ. ಅಸಲಿ ಫೈಲ್ ಇಟ್ಟುಕೊಂಡಿದ್ದೆ, ಚೌಕವನ್ನ ಕೆಳಕ್ಕೆ ಎಳೆದು ಹತ್ತು ನಿಮಿಷದಲ್ಲಿ ಮತ್ತೆ ಕಳಿಸಿದೆ.

ಅಂದಹಾಗೆ, ಇಲ್ಲಿ 'ಕತ್ತರಿಸೋದು' ಅನ್ನೋ ಮಾತು ಪೂರ್ತಿ ನಿಜ ಅಲ್ಲ. ಫೈಲಿನ ಗಾತ್ರ ನೋಡಿದರೆ ಗೊತ್ತಾಗುತ್ತೆ, ಹೆಚ್ಚುಕಮ್ಮಿ ಅಷ್ಟೇ ಇರುತ್ತೆ. ಪುಟದ ಯಾವ ಭಾಗ ತೋರಿಸಬೇಕು ಅನ್ನೋ ಗಡಿಯನ್ನಷ್ಟೇ ಬದಲಾಯಿಸೋದು, ಮಿಕ್ಕಿದ್ದು ಒಳಗೇ ಅಡಗಿರುತ್ತೆ. ಹಾಗಾಗಿ ಆಧಾರ್ ನಂಬರೋ ಸಹಿಯೋ ಮುಚ್ಚೋಕೆ ಈ ದಾರಿ ಹಿಡೀಬೇಡಿ, ಗೊತ್ತಿದ್ದವರು ವಾಪಸ್ ತೆಗೀತಾರೆ.

ಆ ರಾತ್ರಿ ಅಪ್ಪ ಟಿಪ್ಪಣಿಯನ್ನ ಗಟ್ಟಿಯಾಗಿ ಓದಿ ವಾಯ್ಸ್ ಮೆಸೇಜ್ ಕಳಿಸಿದರು. ಹಿಂದೆ ಅಮ್ಮ ಊಟಕ್ಕೆ ಕರೆಯೋದೂ ಕೇಳಿಸ್ತಿತ್ತು. ಕೊನೆಗೆ, "ಚಳ್ಳಕೆರೆ ಮೇಷ್ಟ್ರ ಹತ್ರ ಇನ್ನೊಂದು ಪುಸ್ತಕ ಐತಂತವ್ವ" ಅಂದರು. ಮುಂದಿನ ಶನಿವಾರ ಹೋಗ್ತಿದ್ದೀನಿ. ಪುಸ್ತಕದ ಮೇಲೆ ಹೊದಿಸೋಕೆ ಒಂದು ದೊಡ್ಡ ಬಿಳಿ ಹಾಳೆ ಈಗಲೇ ಬ್ಯಾಗಲ್ಲಿ ಇಟ್ಟುಕೊಂಡಿದ್ದೀನಿ. ಮುಚ್ಚಳ ತೆರೆದೇ ಇದ್ದರೂ ಕಪ್ಪು ಪಟ್ಟಿ ಬರಬಾರದಲ್ಲ.