ಮೀಟರ್ ಓಡುತ್ತೆ, ಆಟೋ ನಿಲ್ಲುತ್ತೆ

ಅಕ್ಕನ ಮಗಳು ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಓದ್ತಾಳೆ. ಭಾನುವಾರ ಫೋನ್ ಮಾಡಿದಾಗಲೆಲ್ಲ ಒಂದು ಲೆಕ್ಕ ಇಟ್ಟುಕೊಂಡೇ ಕೂತಿರ್ತಾಳೆ. ಮೊನ್ನೆ ಟೆಸ್ಟಿನಲ್ಲಿ ಅವಳ ಆರು ಮಾರ್ಕ್ಸು ಹೋಗಿತ್ತು. "ಉತ್ತರ ಸರಿ ಇದೆ ಮಾವ, ಆದ್ರೂ ಸೊನ್ನೆ. ಇರ್ಲಿ, ಈ ಕಂಡಿಷನಲ್ ಕನ್ವರ್ಜೆನ್ಸ್ ಅಂತಾರಲ್ಲ, ಅದ್ರಲ್ಲಿ ಕಂಡಿಷನ್ ಏನು?" ಅಂದಳು.

ನನಗೆ ಈ ಎರಡನೇ ಪ್ರಶ್ನೆಯೇ ಹೆಚ್ಚು ಇಷ್ಟವಾಯ್ತು. ಅವಳಿಗೆ ಊರಿನ ರಸ್ತೆಯನ್ನೇ ಇಟ್ಟುಕೊಂಡು ಹೇಳಿದೆ. ಕೊಳ್ಳೇಗಾಲದಿಂದ ಒಂದು ಕಡೆ ಹನೂರು, ಇನ್ನೊಂದು ಕಡೆ ಯಳಂದೂರು. ಒಂದು ಆಟೋ ಬಸ್ ಸ್ಟ್ಯಾಂಡಿನಿಂದ ಹನೂರು ಕಡೆ 1 ಕಿ.ಮೀ. ಹೋಗುತ್ತೆ. ಅಲ್ಲಿಂದ ಯಳಂದೂರು ಕಡೆ ಅರ್ಧ ಕಿ.ಮೀ. ವಾಪಸ್. ಮತ್ತೆ ಹನೂರು ಕಡೆ 1/3, ಮತ್ತೆ ವಾಪಸ್ 1/4. ಹೀಗೇ ಮುಗಿಯದೆ:

1 − 1/2 + 1/3 − 1/4 + …

ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ಆಟೋ ಕೊನೆಗೆ ಎಲ್ಲಿ ನಿಲ್ಲುತ್ತೆ? ಮೀಟರಿನಲ್ಲಿ ಎಷ್ಟು ಕಿ.ಮೀ. ಆಗುತ್ತೆ? ಮೀಟರಿಗೆ ಹಿಂದೆ ಮುಂದೆ ಗೊತ್ತಿಲ್ಲ, ಅದು ಎಲ್ಲವನ್ನೂ ಕೂಡಿಸುತ್ತೆ: 1 + 1/2 + 1/3 + 1/4 + … ಇದರಲ್ಲಿ 1/3 + 1/4 ಅರ್ಧಕ್ಕಿಂತ ಜಾಸ್ತಿ. 1/5ರಿಂದ 1/8ರವರೆಗಿನ ನಾಲ್ಕು ಸೇರಿದರೆ ಮತ್ತೆ ಅರ್ಧಕ್ಕಿಂತ ಜಾಸ್ತಿ. ಮುಂದಿನ ಎಂಟು ಸೇರಿದರೂ ಅಷ್ಟೇ. ಅರ್ಧಗಳು ಮುಗಿಯೋದೇ ಇಲ್ಲ, ಹಾಗಾಗಿ ಮೀಟರ್ ನಿಲ್ಲೋದೇ ಇಲ್ಲ. ನಿಧಾನವೇನೋ ಹೌದು, 10 ಕಿ.ಮೀ. ದಾಟೋಕೆ 12,367 ಸಲ ಓಡಬೇಕು.

ಆಟೋ ಮಾತ್ರ ನಿಲ್ಲುತ್ತೆ. ಪ್ರತಿ ಓಟ ಹಿಂದಿನದಕ್ಕಿಂತ ಚಿಕ್ಕದು, ಅದಕ್ಕೇ ಅದು ಹಿಂದಿನ ಎರಡು ತಿರುವುಗಳ ನಡುವೆಯೇ ಸಿಕ್ಕಿಕೊಳ್ಳುತ್ತೆ. ಓಟ ಸೊನ್ನೆಯ ಕಡೆ ಇಳಿಯೋದರಿಂದ ಆ ನಡುವಿನ ಜಾಗವೂ ಕಿರಿದಾಗ್ತಾ ಹೋಗುತ್ತೆ. ಆಲ್ಟರ್ನೇಟಿಂಗ್ ಸೀರೀಸ್ ಟೆಸ್ಟ್ ಅಂದ್ರೆ ಇಷ್ಟೇ. ಬಸ್ ಸ್ಟ್ಯಾಂಡಿನಿಂದ ಸುಮಾರು 693 ಮೀಟರಿಗೆ ಆಟೋ ನಿಲ್ಲುತ್ತೆ. ಆದರೆ "ಸೊನ್ನೆಗೆ ಹೋಗುತ್ತೆ" ಅನ್ನೋದೊಂದನ್ನೇ ಬರೆದು "ಇಳಿಯುತ್ತಲೇ ಇರಬೇಕು" ಅನ್ನೋದನ್ನ ಬಿಡೋ ಹಾಗಿಲ್ಲ. ಮುಂದೆ 1, 1/2, 1/3 ಹೋಗಿ, ಹಿಂದೆ ಬರೀ 1, 1/4, 1/9 ಬಂದರೆ? ಓಟಗಳು ಸೊನ್ನೆಗೇ ಹೋಗುತ್ತವೆ, ಆದರೆ ಹಿಂದೆ ಬಂದದ್ದು ಒಟ್ಟು ಎರಡು ಕಿ.ಮೀ. ಕೂಡ ಆಗಲ್ಲ. ಆಟೋ ಹನೂರು ದಾಟಿ, ಮಾದಪ್ಪನ ಬೆಟ್ಟವನ್ನೂ ದಾಟಿ ಹೋಗ್ತಾನೇ ಇರುತ್ತೆ.

ಮೀಟರೂ ನಿಂತರೆ ಅಬ್ಸಲ್ಯೂಟ್. ಆಟೋ ನಿಂತು ಮೀಟರ್ ನಿಲ್ಲದಿದ್ದರೆ ಕಂಡಿಷನಲ್. ಅದಕ್ಕೇ ನಾನು ಮೊದಲು ಮೀಟರ್ ನೋಡು ಅಂತೀನಿ. ಅದು ನಿಂತರೆ ಆಟೋ ನಿಂತೇ ನಿಲ್ಲುತ್ತೆ, ಇನ್ನೊಂದು ಟೆಸ್ಟ್ ಬೇಕಾಗಲ್ಲ.

ಈಗ ಅವಳ ಆರು ಮಾರ್ಕ್ಸಿನ ಲೆಕ್ಕ. ಪದಗಳು n/(n²+1), ಚಿಹ್ನೆ ಒಂದು ಪ್ಲಸ್ ಒಂದು ಮೈನಸ್: 1/2 − 2/5 + 3/10 − … ಮೀಟರಿನ ಬಗ್ಗೆ ಇವಳು ಬರೆದದ್ದು: "n/(n²+1) < 1/n, 1/n ಮೊತ್ತ ಅನಂತ, ಆದ್ದರಿಂದ ಇದೂ ಅನಂತ." ಕಂಪ್ಯಾರಿಸನ್ ಅಲ್ಲಿ ತಿರುಗುಮುರುಗಾಗಿದೆ. 1/n² ಕೂಡ 1/n ಮೀರಲ್ಲ, ಆದರೆ ಅದರ ಮೊತ್ತ 1.645ರ ಹತ್ತಿರ ನಿಂತುಬಿಡುತ್ತೆ. ತೀರಿಸಲಾಗದ ಸಾಲ ಇರೋನಿಗಿಂತ ನನ್ನ ಸಾಲ ಕಡಿಮೆ ಅಂದ್ರೆ ನನ್ನದೂ ತೀರಲ್ಲ ಅಂತ ಆಗುತ್ತಾ? ಅನಂತ ಅಂತ ತೋರಿಸಬೇಕಾದರೆ ಕೆಳಗಿನಿಂದ ಹಿಡೀಬೇಕು. n²+1 ಎಂದೂ 2n² ಮೀರಲ್ಲ, ಹಾಗಾಗಿ ನಮ್ಮ ಪದ ಕನಿಷ್ಠ 1/(2n) ಇದ್ದೇ ಇರುತ್ತೆ. ಅನಂತದ ಅರ್ಧವೂ ಅನಂತವೇ. ಮೀಟರ್ ನಿಲ್ಲಲ್ಲ.

ಇನ್ನು ಆಟೋ. ಅದೇ ಪದವನ್ನ 1/(n + 1/n) ಅಂತ ಬರೆದರೆ ಕೆಳಗಿನ ಸಂಖ್ಯೆ 2, 2.5, 3.33 ಅಂತ ಏರುತ್ತಲೇ ಇರೋದು ಕಾಣುತ್ತೆ. ಪದ ಇಳಿಯುತ್ತೆ, ಸೊನ್ನೆಗೆ ಹೋಗುತ್ತೆ, ಆಟೋ ನಿಲ್ಲುತ್ತೆ. ಉತ್ತರ ಕಂಡಿಷನಲ್. ಅವಳು ಬರೆದದ್ದೂ ಅದೇ, ಆದರೆ ದಾರಿಯೇ ಇಲ್ಲದೆ. ಸೊನ್ನೆ ಕೊಟ್ಟದ್ದು ಜಿಪುಣತನ ಅನ್ನಿಸಿತು, ಒಂದೆರಡಾದರೂ ಕೊಡಬಹುದಿತ್ತು.

"ಕಂಡಿಷನ್ ಎಲ್ಲಿ ಮಾವ?" ಮರೆತಿರಲಿಲ್ಲ ಅವಳು.

ಕಂಡಿಷನ್ ಅಂದ್ರೆ ಓಟದ ಕ್ರಮ. ಮೊದಲಿನ ಆಟೋಗೆ ಈಗ ಒಂದು ಓಟ ಮುಂದೆ, ಎರಡು ಓಟ ಹಿಂದೆ ಅಂತ ಹೇಳು. ಓಟಗಳು ಅವೇ, ಒಂದೂ ಬಿಡೋ ಹಾಗಿಲ್ಲ:

1 − 1/2 − 1/4 + 1/3 − 1/6 − 1/8 + …

1 − 1/2 ಅಂದ್ರೆ 1/2. 1/3 − 1/6 ಅಂದ್ರೆ 1/6. ಉಳಿಯೋದು 1/2 − 1/4 + 1/6 − 1/8 + …, ಅಂದ್ರೆ ಹಳೆಯ ಸಾಲಿನ ಸರಿಯಾಗಿ ಅರ್ಧ. ಆಟೋ ಈಗ ಸುಮಾರು 347 ಮೀಟರಿಗೇ ನಿಲ್ಲುತ್ತೆ! ಕ್ರಮ ಬದಲಿಸಿ ಇಂಥದ್ದನ್ನ ಬೇಕಾದ ಜಾಗದಲ್ಲಿ ನಿಲ್ಲಿಸಬಹುದು ಅಂತ ಜರ್ಮನಿಯ ರೀಮಾನ್ 19ನೇ ಶತಮಾನದಲ್ಲೇ ತೋರಿಸಿದ. 1 − 1/4 + 1/9 − … ಥರ ಮೀಟರೂ ನಿಲ್ಲೋ ಸಾಲಿನಲ್ಲಿ ಈ ಆಟ ನಡೆಯಲ್ಲ, ಹೇಗೆ ಕಲಸಿದರೂ ಅದು 822 ಮೀಟರಿನ ಹತ್ತಿರ, ಅದೇ ಜಾಗಕ್ಕೇ ಬರುತ್ತೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಪೆನ್ನಿನ ಸದ್ದು ಕೇಳಿಸ್ತಿತ್ತು. "ಹಂಗಾರೆ ಯಳಂದೂರಲ್ಲೂ ನಿಲ್ಲಿಸ್ಬೋದಾ?" ಅಂದಳು.

ನಿಲ್ಲಿಸಬಹುದು. ಹಿಂದಿನ ಓಟಗಳನ್ನೇ ಯಳಂದೂರು ದಾಟೋವರೆಗೆ ಒಂದಾದ ಮೇಲೊಂದು ಬಳಸು, ಆಮೇಲೆ ಮುಂದಿನದು ಒಂದು, ಮತ್ತೆ ದಾಟೋವರೆಗೆ ಹಿಂದಿನವು. ಪೆಟ್ರೋಲ್ ಯಾರು ಹಾಕಿಸ್ತಾರೆ ಅಂತ ಮಾತ್ರ ಕೇಳಬೇಡ ಅಂದೆ.